ಪ್ರೊಮೆಥಜೀನ್: ವಾಂತಿ, ಮಂಪರು, ಮತ್ತು ಎರಡು ವರ್ಷದ ಗೆರೆ

ಫಾರ್ಮಕಾಲಜಿಯಲ್ಲಿ ಆಂಟಿಹಿಸ್ಟಮಿನ್ ಅಧ್ಯಾಯ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಔಷಧಿಗಳ ವರ್ಗೀಕರಣ ಪುಸ್ತಕದಲ್ಲೇ ಚೆನ್ನಾಗಿದೆ, ಅದಕ್ಕೆ ಕೈ ಹಾಕಲ್ಲ. ಪ್ರೊಮೆಥಜೀನ್ ಫಿನೋಥಯಜೀನ್ ಗುಂಪಿನದು, ಮೊದಲ ತಲೆಮಾರಿನ ಎಚ್1 ಬ್ಲಾಕರ್. ಅಂಗಡಿಯಲ್ಲಿ ಫೆನರ್ಗನ್, ಅವೊಮಿನ್ ಅಂತ ಸಿಗುತ್ತದೆ. ಇಷ್ಟು ಗೊತ್ತಿದೆ ಅಂದುಕೊಂಡು ಮುಂದೆ ಹೋಗೋಣ.

ವಾಂತಿ ನಿಲ್ಲಿಸುವುದೂ ನಿದ್ದೆ ತರುವುದೂ ಒಂದೇ ಕೆಲಸ

ಹೈಪೋಥಲಮಸ್‌ನಲ್ಲಿ ಒಂದು ಸಣ್ಣ ನರಕೋಶಗಳ ಗುಂಪಿದೆ. ಅದು ಹಿಸ್ಟಮಿನ್ ಸುರಿಸುತ್ತಾ ಮೆದುಳನ್ನು ಎಚ್ಚರವಾಗಿ ಇಡುತ್ತದೆ. ಪ್ರೊಮೆಥಜೀನ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಔಷಧಿ. ಹಾಗಾಗಿ ರಕ್ತದಿಂದ ಮೆದುಳಿಗೆ ಸಲೀಸಾಗಿ ದಾಟಿ, ಅಲ್ಲಿನ ಎಚ್1 ಗ್ರಾಹಕಗಳ ಮೇಲೆ ಕೂರುತ್ತದೆ. ಎಚ್ಚರದ ಸಂದೇಶ ತಲುಪುವುದಿಲ್ಲ, ಮಂಪರು ಬರುತ್ತದೆ.

ಬಸ್ಸಿನಲ್ಲಿ ಬರುವ ವಾಕರಿಕೆ ಶುರುವಾಗುವುದು ಒಳಕಿವಿಯಿಂದ. ಅಲ್ಲಿಂದ ಹೊರಟ ಸಂಕೇತ ವೆಸ್ಟಿಬ್ಯುಲರ್ ಕೇಂದ್ರದ ಮೂಲಕ ವಾಂತಿ ಕೇಂದ್ರಕ್ಕೆ ಹೋಗುತ್ತದೆ. ಈ ದಾರಿಯಲ್ಲಿ ಕೆಲಸ ಮಾಡುವುದೂ ಹಿಸ್ಟಮಿನ್ (ಎಚ್1) ಮತ್ತು ಅಸಿಟೈಲ್‌ಕೋಲಿನ್. ಪ್ರೊಮೆಥಜೀನ್ ಎರಡನ್ನೂ ತಡೆಯುತ್ತದೆ, ಜೊತೆಗೆ ಡೋಪಮಿನ್ ಅನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಅಂದರೆ ವಾಂತಿ ನಿಂತು ನಿದ್ದೆ ಬಾರದ ಹಾಗೆ ಕೊಡಿ ಅಂತ ಯಾರಾದರೂ ಕೇಳಿದರೆ, ಈ ಔಷಧಿಯಲ್ಲಿ ಅದು ಆಗುವ ಮಾತಲ್ಲ. ಮೆದುಳಿಗೆ ಹೋಗದಿದ್ದರೆ ಬಸ್ಸಿನ ವಾಂತಿಯೂ ನಿಲ್ಲುವುದಿಲ್ಲ. ಮೆದುಳಿಗೆ ಹೋಗದ ಹೊಸ ಅಲರ್ಜಿ ಮಾತ್ರೆಗಳು ಘಾಟಿ ರಸ್ತೆಯಲ್ಲಿ ಪ್ರಯೋಜನಕ್ಕೆ ಬಾರದಿರುವುದು ಇದೇ ಕಾರಣಕ್ಕೆ.

ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲ್ಲ. ಆದ್ದರಿಂದ ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲೇ ಕೊಡಬೇಕು.

ರಾತ್ರಿ ಮಾತ್ರೆ, ಬೆಳಿಗ್ಗೆ ತೂಕಡಿಕೆ

ಪುಸ್ತಕದಲ್ಲಿ ಎರಡು ಸಾಲು ಒಂದಕ್ಕೊಂದು ಜಗಳ ಆಡುವಂತೆ ಕಾಣುತ್ತವೆ. ಒಂದು ಕಡೆ ಪರಿಣಾಮ 4ರಿಂದ 6 ಗಂಟೆ, ಕೆಲವರಲ್ಲಿ 12 ಗಂಟೆಯವರೆಗೆ ಅಂತ ಇದೆ. ಇನ್ನೊಂದು ಕಡೆ ಹಾಫ್ ಲೈಫ್ ಸುಮಾರು 10ರಿಂದ 19 ಗಂಟೆ ಅಂತ ಇದೆ. ಲೆಕ್ಕ ಹಾಕಿ ನೋಡಿದರೆ ಮಾತ್ರ ಇದು ಬಿಡಿಸಿಕೊಳ್ಳುತ್ತದೆ.

ದೊಡ್ಡವರೊಬ್ಬರು ರಾತ್ರಿ 10ಕ್ಕೆ 25 ಮಿ.ಗ್ರಾಂ ಮಾತ್ರೆ ನುಂಗಿದರು ಅಂದುಕೊಳ್ಳಿ. ರಕ್ತದಲ್ಲಿ ಮಟ್ಟ ಮಧ್ಯರಾತ್ರಿ 12ರ ಹೊತ್ತಿಗೆ ತುದಿ ಮುಟ್ಟಿತು. ಲೆಕ್ಕಕ್ಕೆ ಸುಲಭ ಆಗಲಿ ಅಂತ ಹಾಫ್ ಲೈಫ್ 12 ಗಂಟೆ ಇಟ್ಟುಕೊಳ್ಳೋಣ. ಬೆಳಿಗ್ಗೆ 7ಕ್ಕೆ ಏಳು ಗಂಟೆ ಕಳೆದಿರುತ್ತದೆ. ಆಗಲೂ ತುದಿಯ ಮಟ್ಟದ ಮೂರರಲ್ಲಿ ಎರಡು ಪಾಲು ರಕ್ತದಲ್ಲಿ ಉಳಿದಿದೆ. ಅರ್ಧಕ್ಕೆ ಇಳಿಯುವುದು ಮಧ್ಯಾಹ್ನ 12ಕ್ಕೆ. ಮರುದಿನ ರಾತ್ರಿ 12ಕ್ಕೂ ಕಾಲು ಪಾಲು ಇರುತ್ತದೆ, ಅಷ್ಟರಲ್ಲಿ ಎರಡನೇ ಮಾತ್ರೆ ಅದರ ಮೇಲೆ ಸೇರಿಕೊಂಡಿರುತ್ತದೆ.

ಗಾಢ ನಿದ್ದೆ ತರಿಸುವಷ್ಟು ಮಟ್ಟ ಕೆಲವೇ ಗಂಟೆ ಇರುತ್ತದೆ. ಆದರೆ ಕೈಕಾಲು, ಗಮನ ನಿಧಾನ ಆಗಲು ಅದಕ್ಕಿಂತ ಕಡಿಮೆ ಮಟ್ಟ ಸಾಕು. ಬೆಳಿಗ್ಗೆ ಎದ್ದು ಬೈಕ್ ಹತ್ತುವವರಿಗೆ, ಯಂತ್ರದ ಮುಂದೆ ನಿಲ್ಲುವವರಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ನಿದ್ದೆಗೆ ಅಂತ ದಿನಾ ತೆಗೆದುಕೊಳ್ಳುವವರಲ್ಲಿ ಇನ್ನೊಂದು ತೊಂದರೆ: ಮಂಪರಿಗೆ ದೇಹ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ, ಬಾಯಿ ಒಣಗುವುದು, ಮಲಬದ್ಧತೆ ಮಾತ್ರ ಹಾಗೇ ಉಳಿಯುತ್ತವೆ. ವಯಸ್ಸಾದವರಲ್ಲಿ ಗೊಂದಲ, ಮೂತ್ರ ಕಟ್ಟುವುದು, ರಾತ್ರಿ ಎದ್ದಾಗ ಬೀಳುವುದು ಸೇರಿಕೊಳ್ಳುತ್ತವೆ. ಒಂದೆರಡು ರಾತ್ರಿಗೆ ಸರಿ, ತಿಂಗಳುಗಟ್ಟಲೆ ನಿದ್ದೆಗೆ ಇದು ತಕ್ಕ ಔಷಧಿ ಅಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಎರಡು ವರ್ಷದೊಳಗೆ ಯಾಕೆ ಬೇಡವೇ ಬೇಡ

ನಾನು ತುಂಬಾ ಹೊತ್ತು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಮಕ್ಕಳ ಔಷಧಿ ಅಂದರೆ ನಮಗೆ ಕಲಿಸಿರುವುದು ತೂಕದ ಲೆಕ್ಕ. ಕೆ.ಜಿ.ಗೆ ಇಷ್ಟು ಮಿ.ಗ್ರಾಂ. ಪ್ಯಾರಾಸಿಟಮಾಲ್ ಹಾಗೇ ಕೊಡುತ್ತೇವೆ. ಹಾಗಾದರೆ 9 ಕೆ.ಜಿ. ಮಗುವಿಗೆ 9 ಕೆ.ಜಿ.ಗೆ ತಕ್ಕ ಪ್ರೊಮೆಥಜೀನ್ ಕೊಟ್ಟರೆ ಏನು ತಪ್ಪು? ಡೋಸ್ ಕಡಿಮೆ ಮಾಡಿದ ಮೇಲೂ ನಿಷೇಧ ಯಾಕೆ?

ಇದಕ್ಕೆ ಉತ್ತರ ಇರುವುದು, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಬಲ್‌ನಲ್ಲಿ ಚೌಕಟ್ಟು ಹಾಕಿ ಕೊಟ್ಟಿರುವ ಎಚ್ಚರಿಕೆಯ ಒಂದೇ ವಾಕ್ಯದಲ್ಲಿ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಉಸಿರಾಟ ಕುಗ್ಗಿ ಸಾವು ಸಂಭವಿಸಿದ ವರದಿಗಳು ಬಂದಿವೆ. ಆ ವರದಿಗಳಲ್ಲಿ ಕೆ.ಜಿ. ಲೆಕ್ಕದ ಡೋಸ್‌ಗಳು ಬೇರೆಬೇರೆ ಮಟ್ಟದಲ್ಲಿದ್ದವು. ಅಂದರೆ ಇದಕ್ಕಿಂತ ಕೆಳಗೆ ಕೊಟ್ಟರೆ ಕ್ಷೇಮ ಅನ್ನುವಂಥ ಡೋಸ್ ಗೆರೆಯೇ ಸಿಗಲಿಲ್ಲ. ಗೆರೆ ಸಿಗದ ಕಡೆ ತೂಕದ ಲೆಕ್ಕ ಕೆಲಸ ಮಾಡಲ್ಲ. ಅದಕ್ಕೇ ಗೆರೆಯನ್ನು ವಯಸ್ಸಿನ ಮೇಲೆ ಎಳೆದರು.

ತೂಕದ ಲೆಕ್ಕದ ಹಿಂದೆ ಒಂದು ನಂಬಿಕೆ ಇದೆ, ಅದನ್ನು ಯಾರೂ ಬಿಡಿಸಿ ಹೇಳಲ್ಲ. ಮಗು ಅಂದರೆ ಗಾತ್ರದಲ್ಲಿ ಮಾತ್ರ ಚಿಕ್ಕದಾದ ದೊಡ್ಡವರು ಅನ್ನುವ ನಂಬಿಕೆ ಅದು. ಆದರೆ ಹಸುಗೂಸಿನಲ್ಲಿ ಬೇರೆ ಇರುವುದು ಗಾತ್ರ ಒಂದೇ ಅಲ್ಲ. ಉಸಿರಾಟವನ್ನು ನಡೆಸುವ ಮೆದುಳಿನ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಗಂಟಲ ದಾರಿ ಕಿರಿದು, ಸ್ನಾಯು ಸಡಿಲವಾದರೆ ಬೇಗ ಮುಚ್ಚಿಕೊಳ್ಳುತ್ತದೆ. ನಿದ್ದೆಯಲ್ಲಿ ಉಸಿರು ಒಂದೆರಡು ಕ್ಷಣ ನಿಂತರೆ ಮಗುವನ್ನು ಕಾಪಾಡುವುದು ತಟ್ಟನೆ ಎಚ್ಚರಗೊಳ್ಳುವ ಅದರ ಶಕ್ತಿ. ಪ್ರೊಮೆಥಜೀನ್ ಕುಗ್ಗಿಸುವುದು ಅದನ್ನೇ. ಯಾವ ಮಂಪರಿಗಾಗಿ ದೊಡ್ಡವರು ಇದನ್ನು ನುಂಗುತ್ತಾರೋ, ಅದೇ ಮಂಪರು ಕೂಸಿಗೆ ಅಪಾಯ.

ಇನ್ನೊಂದು ಮಾತು. ಉಸಿರು ಕುಗ್ಗಿದರೆ ಇದಕ್ಕೆ ಪ್ರತಿ-ಔಷಧಿ ಇಲ್ಲ. ಓಪಿಯಾಯ್ಡ್ ಆಗಿದ್ದರೆ ನಲೊಕ್ಸೋನ್ ಇದೆ, ಅದು ಇಲ್ಲಿ ಕೆಲಸಕ್ಕೆ ಬರಲ್ಲ. ಆಕ್ಸಿಜನ್ ಕೊಟ್ಟು, ಉಸಿರಾಟಕ್ಕೆ ಆಸರೆ ಕೊಟ್ಟು, ಔಷಧಿ ಇಳಿಯುವವರೆಗೆ ಕಾಯಬೇಕು. ಮೇಲಿನ ಹಾಫ್ ಲೈಫ್ ನೆನಪಿದೆ ಅಲ್ವಾ? ಆ ಕಾಯುವಿಕೆ ಬಹಳ ಉದ್ದ.

ಆದ್ದರಿಂದ ನನ್ನ ಸೂತ್ರ: ವಯಸ್ಸು ಮೊದಲು, ತೂಕ ಆಮೇಲೆ. ಕ್ಯಾಲ್ಕ್ಯುಲೇಟರ್ ಮುಟ್ಟುವ ಮೊದಲು ಮಗುವಿಗೆ ಎಷ್ಟು ತಿಂಗಳು ಅಂತ ಕೇಳಿ. 24ಕ್ಕಿಂತ ಕಡಿಮೆ ಅಂದರೆ ಲೆಕ್ಕ ಅಲ್ಲಿಗೇ ಮುಗಿಯಿತು, ಹಾಳೆ ಮಡಚಿಡಿ. ಎರಡು ದಾಟಿದ ಮಕ್ಕಳಲ್ಲೂ ಅಪಾಯ ಪೂರ್ತಿ ಹೋಗಿಬಿಡಲ್ಲ. ಕೆಲಸ ಆಗುವ ಅತಿ ಕಡಿಮೆ ಡೋಸ್ ಮಾತ್ರ ಕೊಡಬೇಕು, ಉಸಿರಾಟ ಕುಗ್ಗಿಸುವ ಬೇರೆ ಔಷಧಿ ಜೊತೆಗಿರಬಾರದು ಅಂತ ಅದೇ ಎಚ್ಚರಿಕೆ ಹೇಳುತ್ತದೆ. ಕೋಡೀನ್ ಇರುವ ಕೆಮ್ಮಿನ ಸಿರಪ್ ಮೊದಲು ನೆನಪಾಗಬೇಕು. ಕೆಲವು ಶೀತ-ಕೆಮ್ಮಿನ ಸಿರಪ್‌ಗಳಲ್ಲಿ ಪ್ರೊಮೆಥಜೀನೇ ಸೇರಿರುತ್ತದೆ. ಲೇಬಲ್ ಓದದೆ ಕೊಟ್ಟರೆ ಡೋಸ್ ಎರಡು ಸಲ ಹೋಗುತ್ತದೆ. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆಯುವ, ಉಸಿರು ಕಟ್ಟುವ ಮಗುವಿಗೂ ಇದು ಬೇಡ.

ಒಂದು ಕೇಸ್: ಚಾರ್ಮಾಡಿ ಘಾಟಿ

ಅಭ್ಯಾಸಕ್ಕೆ ಒಂದು ಸನ್ನಿವೇಶ ಕಟ್ಟಿಕೊಂಡೆ. ಚಿಕ್ಕಮಗಳೂರಿನ ತಾಯಿಯೊಬ್ಬರು ಮೆಡಿಕಲ್ ಶಾಪಿಗೆ ಬಂದಿದ್ದಾರೆ. "ಅಣ್ಣಾ, ನಾಳೆ ಬೆಳಿಗ್ಗೆ 6 ಗಂಟೆ ಬಸ್ಸಿಗೆ ಧರ್ಮಸ್ಥಳಕ್ಕೆ ಹೊರಟಿದ್ದೀವಿ. ಮಗಳಿಗೆ ಘಾಟಿ ಬಂದ್ರೆ ವಾಂತಿ. ಡಾಕ್ಟ್ರು ಫೆನರ್ಗನ್ ಸಿರಪ್ ಬರೆದಿದ್ದಾರೆ. ಚಿಕ್ಕವನಿಗೂ ಅದರಲ್ಲೇ ಸ್ವಲ್ಪ ಹಾಕಿದ್ರೆ ದಾರಿಯಲ್ಲಿ ಸುಮ್ನೆ ಮಲಗ್ತಾನೆ ಅಲ್ವಾ?" ಮಗಳಿಗೆ 7 ವರ್ಷ, 20 ಕೆ.ಜಿ. ಮಗನಿಗೆ 15 ತಿಂಗಳು.

ಮಗಳ ಚೀಟಿ ಮೊದಲು. ವಯಸ್ಸು 7, ಗೆರೆ ದಾಟಿದ್ದಾಳೆ. ಈಗ ತೂಕ. ಕೆ.ಜಿ.ಗೆ 0.5 ಮಿ.ಗ್ರಾಂ ಅಂದರೆ 20 × 0.5 = 10 ಮಿ.ಗ್ರಾಂ. ಸಿರಪ್ 5 ಮಿ.ಲೀ.ಯಲ್ಲಿ 5 ಮಿ.ಗ್ರಾಂ ಇರುವುದಾದರೆ 10 ಮಿ.ಲೀ. ಚೀಟಿಯಲ್ಲಿ ಇದಕ್ಕಿಂತ ಜಾಸ್ತಿ ಇದ್ದರೆ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು, ಕಡಿಮೆ ಇದ್ದರೆ ಹಾಗೇ ಬಿಡಬೇಕು. ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳದಲ್ಲೇ ಅಳೆಯಿರಿ, ಅಡುಗೆಮನೆ ಚಮಚ ಬೇಡ. ಬೆಳಿಗ್ಗೆ 5ರಿಂದ 5.30ರೊಳಗೆ ಕೊಡಿ. ಸಂಜೆ ವಾಪಸ್ ಬರುವಾಗ ಇನ್ನೊಂದು ಡೋಸ್ ಬೇಕಾದರೆ ಮೊದಲ ಡೋಸ್ ಕೊಟ್ಟ ಮೇಲೆ 8 ಗಂಟೆಯಾದರೂ ಕಳೆದಿರಬೇಕು, ಆಗಲೂ ಮಗು ಚುರುಕಾಗಿದ್ದರೆ ಮಾತ್ರ.

ಇಲ್ಲಿ ಒಂದು ಸಣ್ಣ ಎಡವು. ಸಿರಪ್ ಬದಲು ಅವೊಮಿನ್ ಮಾತ್ರೆ ಕೇಳಿದರೆ ಸಂಖ್ಯೆಯನ್ನು ನೇರ ಎತ್ತಿಹಾಕಬೇಡಿ. ಅದು ಥಿಯೋಕ್ಲೇಟ್ ಲವಣ, ಸಿರಪ್‌ನಲ್ಲಿರುವುದು ಹೈಡ್ರೋಕ್ಲೋರೈಡ್. ಥಿಯೋಕ್ಲೇಟ್ 25 ಮಿ.ಗ್ರಾಂ ಅಂದರೆ ಹೈಡ್ರೋಕ್ಲೋರೈಡ್ ಲೆಕ್ಕದಲ್ಲಿ ಸುಮಾರು 16 ಮಿ.ಗ್ರಾಂ ಮಾತ್ರ.

ಮಗಳು ನಿದ್ದೆ ಮಾಡುವ ಬದಲು ಕಿರಿಕಿರಿ ಮಾಡಬಹುದು, ಕುಣಿದಾಡಬಹುದು. ಮಕ್ಕಳಲ್ಲಿ ಈ ಉಲ್ಟಾ ಪರಿಣಾಮ ಉಂಟು. ನಿದ್ದೆ ಬರಲಿಲ್ಲ ಅಂತ ಮತ್ತೊಂದು ಡೋಸ್ ಹಾಕುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ಕತ್ತು ಒಂದು ಕಡೆಗೆ ತಿರುಚಿಕೊಂಡರೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ ಅದು ಡೋಪಮಿನ್ ತಡೆಯ ಪರಿಣಾಮ. ನೀರು ಕಳೆದುಕೊಂಡ ಮಕ್ಕಳಲ್ಲಿ ಇದು ಜಾಸ್ತಿ. ನೋಡಿದವರಿಗೆ ಫಿಟ್ಸ್ ಅನಿಸುತ್ತದೆ, ಆದರೆ ಮಗುವಿಗೆ ಎಚ್ಚರ ಇರುತ್ತದೆ. ಔಷಧಿ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಈಗ ಮಗ. 15 ತಿಂಗಳು, 24ಕ್ಕಿಂತ ಕಡಿಮೆ. ಒಂದು ಹನಿಯೂ ಇಲ್ಲ. ಆದರೆ ಬೇಡ ಅಂದಷ್ಟಕ್ಕೆ ತಾಯಿ ಒಪ್ಪಲ್ಲ, ಕಾರಣ ಕೊಡಬೇಕು. ಒಳ್ಳೆಯ ಕಾರಣ ಇದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಬರುವುದೇ ಅಪರೂಪ. ಅದು ಆಮೇಲೆ ಶುರುವಾಗಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಜೋರಾಗುತ್ತದೆ. ಹಾಗಾಗಿ ಅವನಿಗೆ ಈ ಔಷಧಿಯ ಅಗತ್ಯವೇ ಇಲ್ಲ. "ಅವನಿಗೆ ಇದು ನಿದ್ದೆ ಅಲ್ಲಮ್ಮ, ಉಸಿರಿಗೇ ತೊಂದರೆ" ಅಂತ ನೇರವಾಗಿ ಹೇಳಿ.

ಅಕಸ್ಮಾತ್ ಕೂಸು ನಿಜಕ್ಕೂ ವಾಂತಿ ಮಾಡುತ್ತಿದ್ದರೆ ಕಾರಣ ಬೇರೆ ಹುಡುಕಬೇಕು. ಹೊಟ್ಟೆಯ ಸೋಂಕಾದರೆ ಓಆರ್‌ಎಸ್, ಚಮಚದಲ್ಲಿ ಸ್ವಲ್ಪ ಸ್ವಲ್ಪ, ಎದೆಹಾಲು ನಿಲ್ಲಿಸದೆ. ಹಸಿರು ವಾಂತಿ, ಮಲದಲ್ಲಿ ರಕ್ತ, ತಲೆಗೆ ಪೆಟ್ಟು, ಜ್ವರದ ಜೊತೆ ಮಂಕು ಇದ್ದರೆ ತಕ್ಷಣ ವೈದ್ಯರು ನೋಡಬೇಕು. ಇಂಥ ಕಡೆ ಮಂಪರಿನ ಔಷಧಿ ಕೊಟ್ಟರೆ, ಮಗು ಮಂಕಾಗಿರುವುದು ಕಾಯಿಲೆಯಿಂದಲೋ ಔಷಧಿಯಿಂದಲೋ ತಿಳಿಯುವುದೇ ಇಲ್ಲ.

ತಾಯಿ ಹೋಗುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದಿದೆ: ಈಗಾಗಲೇ ಅವನಿಗೆ ಕೊಟ್ಟಿದ್ದೀರಾ? ಹೌದು ಅಂದರೆ ಯಾವಾಗ, ಎಷ್ಟು ಅಂತ ಬರೆದುಕೊಂಡು ಆಸ್ಪತ್ರೆಗೆ ಕಳಿಸಿ, ಮನೆಯಲ್ಲಿ ಮಲಗಿಸಿ ನೋಡೋಣ ಅನ್ನಬೇಡಿ. ತಟ್ಟಿದರೂ ಏಳದಿದ್ದರೆ, ಉಸಿರಿನ ಮಧ್ಯೆ ಬಿಡುವು ಕಂಡರೆ, ಎದೆ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಬಾಟಲಿಯನ್ನೂ ಜೊತೆಗೆ ಒಯ್ಯಲು ಹೇಳಿ. ಅದರಲ್ಲಿ ಪ್ರೊಮೆಥಜೀನ್ ಜೊತೆ ಬೇರೇನಿದೆ ಅಂತ ಅಲ್ಲಿನ ವೈದ್ಯರು ಮೊದಲು ನೋಡುವುದು ಲೇಬಲ್ಲನ್ನೇ.