ಪೌತಿ ಖಾತೆ: ಪಾವತಿಯೂ ಅಲ್ಲ, ಪಾಲೂ ಅಲ್ಲ

‘ಅಪ್ಪನ ಪಾವತಿ ಖಾತೆ ಮಾಡಿಸಿಕೊಡಿ’ ಎಂದು ಬರೆದ ಅರ್ಜಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪಾವತಿ ಅಂದರೆ ದುಡ್ಡು ಕಟ್ಟುವುದು. ಇಲ್ಲಿ ಬೇಕಾದದ್ದು ಪೌತಿ. ಸಾವು ಎಂಬ ಅರ್ಥದ ‘ಫೌತ್’ ಅರಬ್ಬಿ ಪದ. ಖಜಾನೆ, ಜಮಾಬಂದಿಗಳ ಹಾಗೆ ಇದೂ ಕಂದಾಯ ಕಚೇರಿಯ ಕನ್ನಡಕ್ಕೆ ಸೇರಿಕೊಂಡು, ನಮ್ಮ ಬಾಯಲ್ಲಿ ಫಕಾರ ಪಕಾರವಾಯಿತು. ಜಮೀನಿನ ದಾಖಲೆಯಲ್ಲಿ ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸುವುದೇ ಪೌತಿ ಖಾತೆ.

ಕಾಗುಣಿತದ ತಪ್ಪಾದರೂ ಸಹಿಸಬಹುದು. ‘ಪೌತಿ ಆಯ್ತು, ಭಾಗ ಆಯ್ತು’ ಅನ್ನುವುದು ಮಾತ್ರ ಮನೆ ಮುರಿಯುವ ತಪ್ಪು. ಪೌತಿಯಿಂದ ಪಹಣಿಯ 9ನೇ ಕಾಲಂನಲ್ಲಿ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತದೆ, ಅಷ್ಟೆ. ಯಾರದು ಯಾವ ಬದು ಎಂದು ಅದು ಹೇಳುವುದಿಲ್ಲ. ಅದಕ್ಕೆ ಜಮೀನು ಅಳೆದು ಪಾಲು ಗುರುತಿಸುವ 11ಇ ನಕ್ಷೆ, ವಿಭಾಗ ಪತ್ರದ ನೋಂದಣಿ ಬೇರೆಯೇ ಆಗಬೇಕು. ಹೆಸರು ಬಂದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ, ಬಿಟ್ಟುಹೋದ ಮಾತ್ರಕ್ಕೆ ಇದ್ದ ಹಕ್ಕು ಸಾಯುವುದೂ ಇಲ್ಲ. ವಂಶವೃಕ್ಷದಲ್ಲಿ ಮದುವೆಯಾದ ಮಗಳನ್ನು ಬಿಡುವವರು ಇದನ್ನು ಎರಡು ಸಲ ಓದಲಿ.

ಬೇಲೂರಿನ ಕಡೆಯ ಒಂದು ಹಿಂದೂ ಕುಟುಂಬ ಅಂದುಕೊಳ್ಳಿ. ಯಜಮಾನರ ಸ್ವಯಾರ್ಜಿತ 3 ಎಕರೆ, ಅಂದರೆ 120 ಗುಂಟೆ. ಉಯಿಲು ಇಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಜೊತೆಗೆ ಎಲ್ಲರೂ ಮರೆಯುವ ಐದನೆಯವರು, ಯಜಮಾನರ ತಾಯಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಐವರಿಗೂ 24 ಗುಂಟೆ ಸಮಪಾಲು.

‘ಆಮೇಲೆ ನೋಡೋಣ’ ಅಂತ ಹತ್ತು ವರ್ಷ ಕಳೆಯಿತು. ಅಜ್ಜಿಯೂ ಉಯಿಲು ಬರೆಯದೆ ತೀರಿಕೊಂಡರು. ಅವರ ಗಂಡ ಮೊದಲೇ ಹೋಗಿದ್ದರಿಂದ ಆ 24 ಗುಂಟೆ ಅವರ ಮಕ್ಕಳ ಕವಲುಗಳಿಗೆ ಹಂಚಿಹೋಗುತ್ತದೆ: ತೀರಿಕೊಂಡ ಯಜಮಾನರ ಮಕ್ಕಳಿಗೆ ಒಟ್ಟು 8, ಚಿಕ್ಕಪ್ಪನಿಗೆ 8, ಅತ್ತೆಗೆ 8. ಹೀಗೆ ಈ ಜಮೀನಿಗೆ ಸಂಬಂಧವೇ ಇಲ್ಲದ ಚಿಕ್ಕಪ್ಪನ ಸಹಿಯೂ ಬೇಕಾಯಿತು. ಅಜ್ಜಿ ಇದ್ದಾಗಲೇ ಪೌತಿ ಮಾಡಿಸಿ, ಅವರು ಒಪ್ಪಿ ತಮ್ಮ ಪಾಲು ಬಿಟ್ಟುಕೊಡುವ ನೋಂದಾಯಿತ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿದ್ದರೆ ಮುಗಿಯುತ್ತಿತ್ತು.

ಈ ನಡುವೆ ಪಹಣಿ ಸತ್ತವರ ಹೆಸರಲ್ಲೇ ಇರುವುದರಿಂದ ಉಳುವ ಮಗನಿಗೆ ಸೊಸೈಟಿಯಲ್ಲಿ ಬೆಳೆಸಾಲ ಸಿಗುವುದಿಲ್ಲ. ಮಳೆಗೆ ಆಲೂಗಡ್ಡೆ ಕೊಳೆತರೂ ಪರಿಹಾರ ಕೈಸೇರುವುದು ಕಷ್ಟ; ಪಹಣಿಯ ಹೆಸರೂ ಆಧಾರ್ ಹೆಸರೂ ತಾಳೆಯಾಗಬೇಕು.

ನಾಡಕಚೇರಿಗೆ ಕೊಡಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್. ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಂ ಮೂರು ತಿಂಗಳೊಳಗೆ ವರದಿ ಮಾಡಿ ಎನ್ನುತ್ತದೆ. ನೋಟಿಸಿನ ಮೇಲೆ ಆಕ್ಷೇಪಣೆಗೆ ಕಾಲಾವಕಾಶ ಇರುತ್ತದೆ. ಆಕ್ಷೇಪಣೆ ಬರದಿದ್ದರೆ ಎಂಆರ್, ಅಂದರೆ ಹಕ್ಕು ಬದಲಾವಣೆಯ ದಾಖಲು ಆಗುತ್ತದೆ, ಬಂದರೆ ವಿಚಾರಣೆ. ಆದ ಮೇಲೆ ಹೊಸ ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಅಪ್ಪನ ಸಾಲ ಪೌತಿಯಿಂದ ಅಳಿಸಿಹೋಗುವುದಿಲ್ಲ, ಅಲ್ಲೇ ಇರುತ್ತದೆ.