ದುಡ್ಡಿದ್ದಾಗಲೇ ಕಾರ್ಡ್ ಬಳಸಿದರೂ ಖಾತೆ ಮೈನಸ್ ಆಗುವುದು ಹೇಗೆ?

ಅಮೆರಿಕಕ್ಕೆ ಓದಲು ಹೋದ ನಮ್ಮ ಮಕ್ಕಳು ಅಲ್ಲಿ ಮೊದಲು ತೆರೆಯುವುದು ಚೆಕಿಂಗ್ ಅಕೌಂಟ್, ಅಂದರೆ ದಿನನಿತ್ಯದ ಖರ್ಚಿನ ಖಾತೆ. ಅದರ ಜೊತೆ ಡೆಬಿಟ್ ಕಾರ್ಡ್ ಬರುತ್ತದೆ. ಕೈಯಲ್ಲಿರುವಷ್ಟೇ ಖರ್ಚು ಮಾಡಿದರೆ ಸಾಲದ ಭಯವಿಲ್ಲ ಎಂದು ಎಲ್ಲರೂ ನಂಬಿರುತ್ತಾರೆ. ಆದರೆ ಎಂದೋ ಕೊಂಡ ವಸ್ತುವಿನ ಹಣ ತಡವಾಗಿ ಕಡಿತವಾಗಿ, ಖಾತೆ ಒಂದು ಬೆಳಿಗ್ಗೆ ಮೈನಸ್ ತೋರಿಸಬಹುದು. ಮೇಲೆ ದಂಡ ಬೇರೆ.

ಕಾರ್ಡ್ ವ್ಯವಹಾರಕ್ಕೆ ಎರಡು ಹಂತಗಳಿವೆ. ಕಾರ್ಡ್ ಬಳಸಿದ ಕೂಡಲೇ ಅಂಗಡಿ ಬ್ಯಾಂಕನ್ನು ‘ಇಷ್ಟು ಹಣ ಇದೆಯಾ?’ ಎಂದು ಕೇಳುತ್ತದೆ. ಬ್ಯಾಂಕ್ ಒಪ್ಪಿದರೆ ಅಷ್ಟು ಹಣವನ್ನು ತಡೆಹಿಡಿಯುತ್ತದೆ. ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ, ಅಷ್ಟೆ. ದುಡ್ಡು ಇನ್ನೂ ಖಾತೆಯಲ್ಲೇ ಇರುತ್ತದೆ. ಅಂಗಡಿ ಅಂತಿಮ ಬಿಲ್ ಕಳಿಸಿದ ಮೇಲೆಯೇ ನಿಜವಾದ ಕಡಿತ. ಸಾಮಾನ್ಯವಾಗಿ ಇದಕ್ಕೆ ಒಂದೆರಡು ದಿನ ಸಾಕು. ಆನ್‌ಲೈನ್ ಆರ್ಡರ್ ಆದರೆ ವಸ್ತು ರವಾನೆಯಾಗುವ ತನಕ ಬಿಲ್ ಬರದೇ ಇರಬಹುದು. ಅಷ್ಟರಲ್ಲಿ ಬ್ಯಾಂಕಿನ ಗಡುವು ಮುಗಿದು ತಡೆ ತಾನಾಗಿ ಬಿದ್ದುಹೋಗಬಹುದು.

ಒಂದು ಲೆಕ್ಕ ನೋಡೋಣ. ಖಾತೆಯಲ್ಲಿ 100 ಡಾಲರ್ ಇದೆ. 60 ಡಾಲರಿನ ಜಾಕೆಟ್ ಆರ್ಡರ್ ಮಾಡಿದಿರಿ. ಆ್ಯಪ್‌ನಲ್ಲಿ Available balance, ಅಂದರೆ ಖರ್ಚಿಗೆ ಸಿಗುವ ಹಣ, 40ಕ್ಕೆ ಇಳಿಯಿತು. ಜಾಕೆಟ್ ಬರುವುದು ತಡವಾಯಿತು, ತಡೆ ಬಿದ್ದುಹೋಯಿತು, ಮತ್ತೆ 100 ಕಾಣಿಸಿತು. ಆಗ 70 ಡಾಲರಿನ ಕರೆಂಟ್ ಬಿಲ್ ಆಟೋಪೇಯಲ್ಲಿ ಹೋಯಿತು. ಉಳಿದದ್ದು 30. ಕೆಲವು ದಿನಗಳ ನಂತರ ಜಾಕೆಟ್ಟಿನ 60 ಬಂತು. ಖಾತೆ ಈಗ ಮೈನಸ್ 30. ಹೀಗೆ ಮೈನಸ್ ಆದದ್ದಕ್ಕೆ ಬ್ಯಾಂಕ್ ಹಾಕುವ ಓವರ್‌ಡ್ರಾಫ್ಟ್ ಶುಲ್ಕ 35 ಡಾಲರ್ ಇದ್ದರೆ ಮೈನಸ್ 65.

ಜಾಕೆಟ್ಟಿನ ಬಿಲ್ಲನ್ನು ಈಗ ಯಾಕೆ ಬ್ಯಾಂಕ್ ತಿರಸ್ಕರಿಸುವುದಿಲ್ಲ? ಮೊದಲೇ ಒಪ್ಪಿಗೆ ಕೊಟ್ಟಿದೆಯಲ್ಲ, ಅಂಗಡಿಗೆ ಹಣ ಕೊಡಲೇಬೇಕು. ಭಾರತದಿಂದ ಹೋದವರಿಗೆ ಇದು ಇನ್ನೂ ಜಾಸ್ತಿ ಗಾಬರಿ ತರುತ್ತದೆ. ಇಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲದ್ದಕ್ಕೆ ಹಾಕುವ ದಂಡದಿಂದ ಉಳಿತಾಯ ಖಾತೆ ಮೈನಸ್‌ಗೆ ಹೋಗಬಾರದು ಎಂದು 2015ರ ಏಪ್ರಿಲ್‌ನಿಂದಲೇ ರಿಸರ್ವ್ ಬ್ಯಾಂಕಿನ ನಿಯಮವಿದೆ.

ನನ್ನ ಪ್ರಕಾರ ಮೊದಲು ನೋಡಬೇಕಾದದ್ದು, ಹಣ ಸಾಲದಿದ್ದಾಗ ಬ್ಯಾಂಕ್ ತಾನೇ ಕೊಟ್ಟು ಶುಲ್ಕ ಹಾಕುವ ಓವರ್‌ಡ್ರಾಫ್ಟ್ ಸೇವೆಗೆ ನೀವು ಒಪ್ಪಿಗೆ ಕೊಟ್ಟಿದ್ದೀರಾ ಎಂಬುದು. 2010ರಿಂದ ಅಮೆರಿಕದ ನಿಯಮ ಸ್ಪಷ್ಟವಾಗಿದೆ. ನೀವು ಮುಂಚಿತವಾಗಿ ಹೂಂ ಎನ್ನದೆ, ಒಂದೇ ಬಾರಿಯ ಡೆಬಿಟ್ ಕಾರ್ಡ್ ಖರೀದಿಗಾಗಲಿ ಎಟಿಎಂಗಾಗಲಿ ಓವರ್‌ಡ್ರಾಫ್ಟ್ ಶುಲ್ಕ ಹಾಕುವಂತಿಲ್ಲ. ತಡವಾಗಿ ಬಂದ ಜಾಕೆಟ್ಟಿನ ಬಿಲ್ಲಿಗೂ ಇದೇ ಅನ್ವಯ. ಖಾತೆ ತೆರೆಯುವಾಗ ಸುಮ್ನೆ ಟಿಕ್ ಮಾಡಿದ ಒಂದು ಚೌಕವೇ ಆ ಒಪ್ಪಿಗೆ ಆಗಿರಬಹುದು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಅಥವಾ ಬ್ಯಾಂಕಿಗೆ ಫೋನ್ ಮಾಡಿ ಕೇಳಿ. ಕೊಟ್ಟಿದ್ದರೂ ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು. ಆದರೆ ಚೆಕ್‌ಗೆ, ಕರೆಂಟ್ ಬಿಲ್‌ನಂತಹ ಆಟೋಪೇಗೆ ಈ ರಕ್ಷಣೆ ಇಲ್ಲ.

ಒಪ್ಪಿಗೆ ಇಲ್ಲದೆ ಶುಲ್ಕ ಬಿದ್ದಿದ್ದರೆ ಅದನ್ನು ಕೃಪೆಯಾಗಿ ಬೇಡಬೇಕಿಲ್ಲ, ಹಕ್ಕಿನಿಂದ ಕೇಳಬಹುದು. ಒಪ್ಪಿಗೆ ಇದ್ದರೂ ಕೇಳಿ. ‘ಆರ್ಡರ್ ಮಾಡಿದ ದಿನ ಖಾತೆಯಲ್ಲಿ ಸಾಕಷ್ಟು ಹಣ ಇತ್ತು’ ಎನ್ನಿ, ಆರ್ಡರ್ ದಿನಾಂಕ ಮತ್ತು ಕಡಿತವಾದ ದಿನಾಂಕ ಎರಡನ್ನೂ ಹೇಳಿ. ಮೊದಲ ಸಲವಾದರೆ ಎಷ್ಟೋ ಬ್ಯಾಂಕುಗಳು ಶುಲ್ಕ ಮರಳಿಸುತ್ತವೆ. ಇಂಥ ಅನಿರೀಕ್ಷಿತ ಶುಲ್ಕ ಅನ್ಯಾಯವೆನಿಸಬಹುದು ಎಂದು ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2022ರಲ್ಲಿ ಹೇಳಿತ್ತು. 2025ರಲ್ಲಿ ಆ ಸೂಚನೆಯನ್ನು ಹಿಂಪಡೆಯಿತು. ಆದ್ದರಿಂದ ಅದೊಂದನ್ನೇ ನೆಚ್ಚಿಕೊಂಡು ವಾದಿಸಬೇಡಿ. ಕ್ಯಾಪಿಟಲ್ ಒನ್, ಸಿಟಿ ಬ್ಯಾಂಕ್ ಮುಂತಾದವು ಈ ಶುಲ್ಕವನ್ನೇ ತೆಗೆದುಹಾಕಿವೆ ಎಂಬುದೂ ನೆನಪಿರಲಿ.

ಮಾತುಕತೆ ನಡೆಯುತ್ತಿದ್ದರೂ ಖಾತೆಗೆ ಹಣ ಹಾಕುವುದನ್ನು ತಡ ಮಾಡಬೇಡಿ. ಕೆಲವು ಬ್ಯಾಂಕುಗಳು ಅದೇ ದಿನ ಅಥವಾ ಮರುದಿನದೊಳಗೆ ಮೈನಸ್ ತುಂಬಿದರೆ ಶುಲ್ಕ ಹಾಕುವುದಿಲ್ಲ. ಆದರೆ ಬೇರೆ ಬ್ಯಾಂಕಿನಿಂದ ಸಾಮಾನ್ಯ ವರ್ಗಾವಣೆಗೆ ಒಂದರಿಂದ ಮೂರು ದಿನ ಬೇಕಾಗಬಹುದು, ಚೆಕ್ಕಿನ ಫೋಟೋ ಹಾಕಿದರೂ ಹಣ ಕೂಡಲೇ ಸಿಗುವ ಖಾತ್ರಿ ಇಲ್ಲ. ಬ್ಯಾಂಕಿನ ಶಾಖೆಯಲ್ಲಿ ನಗದು ಕಟ್ಟುವುದು, ಇಲ್ಲವೇ ಸ್ನೇಹಿತರಿಂದ ಜೆಲ್ ಎಂಬ ಹಣ ವರ್ಗಾವಣೆ ಸೇವೆಯ ಮೂಲಕ ಪಡೆಯುವುದು ಬೇಗ ಆಗುತ್ತದೆ. ಮೈನಸ್ 65 ಇದ್ದಾಗ 30 ಮಾತ್ರ ಹಾಕಿದರೆ 35 ಬಾಕಿ ಉಳಿಯುತ್ತದೆ. ಮುಂದಿನ ಆಟೋಪೇ ಬಂದರೆ ಇನ್ನೊಂದು ಶುಲ್ಕ ಬೀಳಬಹುದು. ಹಾಗಾಗಿ ಪೂರ್ತಿ ತುಂಬಿ, ಬರಲಿರುವ ಆಟೋಪೇಗಳನ್ನು ಒಮ್ಮೆ ನೋಡಿ.

ಹಾಗೇ ಬಿಟ್ಟರೆ ಸುಮಾರು 60 ದಿನಗಳಲ್ಲಿ ಬ್ಯಾಂಕ್ ಅದನ್ನು ನಷ್ಟವೆಂದು ಬರೆದು ಖಾತೆ ಮುಚ್ಚುತ್ತದೆ. ಬಾಕಿ ವಸೂಲಿ ಕಂಪನಿಗೆ ಹೋಗಬಹುದು. ಚೆಕ್ಸ್‌ಸಿಸ್ಟಮ್ಸ್ ಎಂಬ ದಾಖಲೆ ಸಂಸ್ಥೆಯಲ್ಲಿ ಹೆಸರು ಸೇರಿದರೆ ಐದು ವರ್ಷ ಉಳಿಯುತ್ತದೆ, ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಕಷ್ಟ. ಓದು ಮುಗಿಸಿ ಊರಿಗೆ ಹೊರಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹೊರಡುವ ಮುನ್ನ ಕೊನೆಯ ಖರೀದಿಗಳೆಲ್ಲ Pendingನಿಂದ Postedಗೆ, ಅಂದರೆ ತಡೆಯಿಂದ ನಿಜವಾದ ಕಡಿತಕ್ಕೆ, ಬಂದಿವೆಯೇ ನೋಡಿ, ಆಟೋಪೇಗಳನ್ನು ನಿಲ್ಲಿಸಿ, ಆಮೇಲೆ ಖಾತೆ ಮುಚ್ಚಿ. ಬಾಕಿ ಸೊನ್ನೆ ಎಂದು ಬ್ಯಾಂಕಿನಿಂದ ಬರಹದಲ್ಲಿ ಪಡೆದುಕೊಳ್ಳಿ.