ಬೇಸಿಗೆಯಲ್ಲಿ ಬಾಟಿಕ್ ಮೇಣ ಬಿರುಕು ಬಿಡುವುದಿಲ್ಲ ಏಕೆ?

ಪ್ರಶ್ನೆ: ರಾಯಚೂರಿನಲ್ಲಿ ಹತ್ತಿ ಬಟ್ಟೆಯ ಮೇಲೆ ಬಾಟಿಕ್ ಮಾಡುತ್ತೇನೆ. ಚಳಿಗಾಲದಲ್ಲಿ ಮೇಣದ ಬಿರುಕಿಗೆ ಬಣ್ಣ ಇಳಿದು ಮೂಡುವ ಗೆರೆಗಳು ಚೆನ್ನಾಗಿ ಬಂದವು. ಏಪ್ರಿಲ್‌ನಲ್ಲಿ ಅದೇ ಮೇಣ ಹಚ್ಚಿ ಎಷ್ಟು ಮುದುಡಿದರೂ ಒಂದು ಗೆರೆ ಬರಲಿಲ್ಲ. ಇಸ್ತ್ರಿ ಮಾಡಿ ಮೇಣ ತೆಗೆದ ಮೇಲೆ ಎಣ್ಣೆ ಕಲೆಯಂಥ ಗುರುತೂ ಉಳಿದಿದೆ. ತಪ್ಪು ಎಲ್ಲಿದೆ?

ಉತ್ತರ: ಬಿರುಕು ಬಾರದಿರುವುದಕ್ಕೆ ಕಾರಣ ನಿಮ್ಮ ಊರಿನ ಬಿಸಿಲು. ಪ್ಯಾರಾಫಿನ್ ಮೇಣ ಕರಗುವುದು ಸುಮಾರು 58–60 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ 40 ಡಿಗ್ರಿಯ ಕೋಣೆಯಲ್ಲೇ ಅದು ಮೆತ್ತಗಾಗುತ್ತದೆ. ಮೆತ್ತಗಿನ ಮೇಣ ಬಟ್ಟೆಯ ಜೊತೆ ಬಾಗುತ್ತದೆ, ಒಡೆಯುವುದಿಲ್ಲ. ಜೇನುಮೇಣ ಹೆಚ್ಚಿದ್ದರೆ ಇನ್ನೂ ಕಷ್ಟ, ಏಕೆಂದರೆ ಅದರ ಗುಣವೇ ಬಾಗುವುದು. ಗೆರೆ ಬೇಕಾದರೆ ಮೂರು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣ ಸಾಕು. ಬರೀ ಪ್ಯಾರಾಫಿನ್ ಬಳಸಿದರೆ ಅದು ಚಕ್ಕೆಯಾಗಿ ಉದುರಿ, ಗೆರೆಯ ಬದಲು ಬಣ್ಣದ ಮಚ್ಚೆ ಬೀಳುತ್ತದೆ.

ಆದರೆ ಮೇಣ ಚಕ್ಕೆಯಾಗಿ ಏಳುವುದಕ್ಕೆ ಇನ್ನೊಂದು ಕಾರಣವೂ ಇದೆ, ಹಚ್ಚುವಾಗಿನ ಬಿಸಿ. ಮೇಣ 110ರಿಂದ 120 ಡಿಗ್ರಿ ಇರಬೇಕು. ನೀರಿರುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದರೆ ಅದು 100 ಡಿಗ್ರಿ ಮುಟ್ಟುವುದೇ ಇಲ್ಲ, ಬ್ರಷ್ ಬಟ್ಟೆಗೆ ತಾಗುವ ಹೊತ್ತಿಗೆ ಇನ್ನೂ ಇಳಿದಿರುತ್ತದೆ. ತೆಳ್ಳನೆಯ ಮಲ್ ಬಟ್ಟೆಗೆ ಅಷ್ಟು ಸಾಕಾಗಬಹುದು, ಪಾಪ್ಲಿನ್‌ಗೆ ಸಾಲದು. ಬಿಸಿ ನಿಯಂತ್ರಿಸಬಹುದಾದ ಕರೆಂಟ್ ಒಲೆ ಮತ್ತು ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಬಟ್ಟೆಯನ್ನು ತಿರುಗಿಸಿ ನೋಡಿ: ಹಿಂಬದಿಯೂ ಒದ್ದೆಯಾದಂತೆ ಪಾರದರ್ಶಕವಾಗಿದ್ದರೆ ಮೇಣ ಒಳಗಿಳಿದಿದೆ. ಮೇಲೆ ಬಿಳಿ ಪದರವಾಗಿ ಕೂತಿದ್ದರೆ ತಣ್ಣಗಾಗಿತ್ತು ಎಂದರ್ಥ. ಬರೆದ ಚಿತ್ತಾರದ ಅಂಚು ದಾಟಿ ಹರಡಿದರೆ ಬಿಸಿ ಜಾಸ್ತಿ. ಹೊಗೆ ಕಂಡ ಕೂಡಲೇ ಒಲೆ ಆರಿಸಿ, ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಿ. ನೀರು ಮಾತ್ರ ಹಾಕಬೇಡಿ, ಉರಿಯುವ ಮೇಣ ಸಿಡಿಯುತ್ತದೆ.

ಒಂದು ಮೀಟರ್ ಬಿಳಿ ಪಾಪ್ಲಿನ್ ತೆಗೆದುಕೊಳ್ಳೋಣ, ತೂಕ ಸುಮಾರು 120 ಗ್ರಾಂ. ಗಂಜಿ ಪೂರ್ತಿ ಹೋಗುವಂತೆ ಬಿಸಿನೀರಲ್ಲಿ ಒಗೆದು, ತೆಳು ಹಳದಿ ಹಾಕಿ, ಚೆನ್ನಾಗಿ ಒಣಗಿಸಿ ಮೇಣ ಹಚ್ಚಿದ್ದೀರಿ. ಈಗ ಅದನ್ನು ಐಸ್ ಗಡ್ಡೆ ಹಾಕಿದ ಬಕೆಟ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿ, ನೀರೊಳಗೇ ಮುದುಡಿ. ಹೊರಗೆ ತೆಗೆದು ಫ್ಯಾನಿನಡಿ ಹಿಡಿದುಕೊಂಡು ನಿಂತರೆ ಮತ್ತೆ ಮೆತ್ತಗಾಗುತ್ತದೆ. ಎಲ್ಲ ದಿಕ್ಕಿಗೂ ಹಿಸುಕಿದರೆ ಜೇಡರ ಬಲೆಯಂತೆ ಗೆರೆ, ಒಂದೇ ಕಡೆಗೆ ಮಡಚಿದರೆ ಉದ್ದ ಗೆರೆ. ಕಡಿಮೆ ಒಡೆಯುವುದೇ ಮೇಲು; ಬೇಕೆನಿಸಿದರೆ ಇನ್ನೊಮ್ಮೆ ಒಡೆಯಬಹುದು, ಉದುರಿದ ಮೇಣ ಹಿಂದಕ್ಕೆ ಬರುವುದಿಲ್ಲ.

ಬಣ್ಣದ ನೀರಿನಲ್ಲೇ ಬಹಳ ಜನ ಎಡವುತ್ತಾರೆ. ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುವಂತಿರುತ್ತದೆ, ಅದರಲ್ಲಿ ಅದ್ದಿದರೆ ಬಿರುಕು ಮತ್ತೆ ಕೂಡಿಕೊಳ್ಳುತ್ತದೆ. ಬೆಳಿಗ್ಗೆ ತುಂಬಿಟ್ಟ ಹರವಿಯ ನೀರು ಬಳಸಿ, 25–30 ಡಿಗ್ರಿ ಇರಲಿ. ಮೂರು ಲೀಟರ್ ನೀರಿಗೆ ತಣ್ಣೀರಲ್ಲೇ ಹಿಡಿಯುವ ರಿಯಾಕ್ಟಿವ್ ಬಣ್ಣ 5 ಗ್ರಾಂ ಮತ್ತು ಉಪ್ಪು 150 ಗ್ರಾಂ ಹಾಕಿ. ಅರ್ಧ ಗಂಟೆ ಬಿಟ್ಟು ಬಟ್ಟೆಯನ್ನು ಪಕ್ಕಕ್ಕೆತ್ತಿ, ಬೇರೆಯಾಗಿ ಕರಗಿಸಿದ 60 ಗ್ರಾಂ ಸೋಡಾ ಆಷ್ ಸೇರಿಸಿ, ಮತ್ತೆ ಅದ್ದಿ ಒಂದು ಗಂಟೆ ಬಿಡಿ. ಕೆಂಪು ಬಣ್ಣ ಹಾಕಿದ್ದರೆ ಹಳದಿ ಭಾಗದ ಮೇಲೆ ಕೆಂಪು ಗೆರೆಗಳು ಕಾಣುತ್ತವೆ.

ಇನ್ನು ಕಲೆಯ ಮಾತು. ಇಸ್ತ್ರಿಯಲ್ಲಿ ಕರಗಿದ ಮೇಣ ಕಾಗದಕ್ಕೂ ಹೋಗುತ್ತದೆ, ಸುತ್ತಲಿನ ಎಳೆಗೂ ಹರಡುತ್ತದೆ. ನೀವು ಕಂಡ ಎಣ್ಣೆ ಕಲೆ ಇದೇ. ಎಷ್ಟು ಕಾಗದ ಬದಲಿಸಿದರೂ ಕೊನೆಯ ಪದರ ಎಳೆಯಲ್ಲೇ ಉಳಿಯುತ್ತದೆ, ಕುದಿಸಲೇಬೇಕು. ಮೊದಲು ಕೈಯಿಂದ ಬರುವಷ್ಟು ಮೇಣ ಉದುರಿಸಿ, ಹಿಡಿಯದ ಬಣ್ಣ ಹೋಗುವವರೆಗೆ ತಣ್ಣೀರಲ್ಲಿ ಜಾಲಿಸಿ. ಆಮೇಲೆ ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರಿಗೆ ಎರಡು ಚಮಚ ಡಿಟರ್ಜೆಂಟ್ ಹಾಕಿ ಕುದಿಸಿ, ಬಟ್ಟೆಯನ್ನು ಕೋಲಿನಿಂದ ಒತ್ತಿ ಮುಳುಗಿಸಿಡಿ. ಬೋರ್‌ವೆಲ್ಲಿನ ಗಡುಸು ನೀರಾದರೆ ಸಾಬೂನು ಬೇಡ, ಅದು ಬಿಳಿ ಕೊಳೆಯಾಗಿ ಅಂಟಿಕೊಳ್ಳುತ್ತದೆ.

ಹತ್ತು ನಿಮಿಷ ಕುದಿದ ಮೇಲೆ ತೇಲುವ ಮೇಣವನ್ನು ಸೌಟಿನಿಂದ ಪಕ್ಕಕ್ಕೆ ಸರಿಸಿ, ಬಟ್ಟೆಯನ್ನು ಬಿಸಿಯಾಗಿರುವಾಗಲೇ ಎತ್ತಿ ಇನ್ನೊಂದು ಪಾತ್ರೆಯ ಕುದಿನೀರಿಗೆ ಹಾಕಿ. ಈ ಹೆಜ್ಜೆ ಬಿಟ್ಟು ಒಂದೇ ಪಾತ್ರೆಯಲ್ಲಿ ಆರಲು ಬಿಟ್ಟರೆ ತೇಲಿದ ಮೇಣವೆಲ್ಲ ಬಟ್ಟೆಗೇ ಅಂಟುತ್ತದೆ. ಎರಡು ಮೂರು ಸಲ ಹೀಗೆ ಮಾಡಿ. ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ: ಕೂಡಲೇ ಹೀರಿದರೆ ಮೇಣ ಹೋಗಿದೆ, ಮುತ್ತಿನಂತೆ ನಿಂತರೆ ಇನ್ನೊಮ್ಮೆ ಕುದಿಸಬೇಕು.

ಆ ನೀರನ್ನು ಬಿಸಿಯಾಗಿದ್ದಾಗ ಬಚ್ಚಲಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗುತ್ತದೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ಮೇಣ ಬಿಲ್ಲೆಯಾಗಿ ತೇಲಿರುತ್ತದೆ. ಅದರೊಳಗೆ ನೀರಿರುವುದರಿಂದ ನೇರ ಒಲೆಗಿಟ್ಟರೆ ಸಿಡಿಯುತ್ತದೆ. ಒಡೆದು ಚೆನ್ನಾಗಿ ಒಣಗಿಸಿ, ಸಣ್ಣ ಬಿಸಿಯಲ್ಲಿ ಕರಗಿಸಿ. ಸಣ್ಣ ಗೆರೆ ಎಳೆಯಲು ಅದು ಬಾರದು, ಬಿರುಕು ಬೇಕಾದ ಅಗಲ ಹಿನ್ನೆಲೆಗೆ ಬರುತ್ತದೆ.